ನಾಳೆ ಎಂದರೆ ಯಾವ ದಿನ?

ನಮ್ಮ ಅಕ್ಕನವರು ಒಂದು ಚಳಿಯ ರಾತ್ರಿಯನ್ನು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಒಬ್ಬರೇ ಕುಳಿತು ಕಳೆದರು. ಅದಕ್ಕೆ ಕಾರಣವಾದುದು ಎರಡೇ ಎರಡು ಮಾತುಗಳು. ರೈಲು ತಡವಾಗಿ ಬರಲಿಲ್ಲ. ಯಾರೂ ಸುಳ್ಳು ಹೇಳಲಿಲ್ಲ. ಯಾರೂ ಉದಾಸೀನ ಮಾಡಲಿಲ್ಲ. ಬರೆದವನು ಸರಿಯಾಗಿಯೇ ಬರೆದಿದ್ದನು, ಓದಿದ ನಾವೂ ಸರಿಯಾಗಿಯೇ ಓದಿದ್ದೆವು. ಆದರೂ ಎಪ್ಪತ್ತೆರಡು ವರ್ಷದ ಮುದುಕಿ ಅರ್ಧರಾತ್ರಿಯಿಂದ ಬೆಳಗಿನವರೆಗೆ ಸೆರಗನ್ನು ಹೊದೆದು ನಡುಗಬೇಕಾಯಿತು. ಇದು ಹೇಗಾಯಿತೆಂಬುದನ್ನು ವಾಚಕರ ಮುಂದಿಡುವುದರಿಂದ, ಅವರ ಮನೆಗಳಲ್ಲಾದರೂ ಇಂತಹ ಪ್ರಸಂಗ ಒದಗದಿರಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಅಕ್ಕನವರಿಗೆ ಎಡಗಣ್ಣಿನಲ್ಲಿ ಪೊರೆ ಬಂದಿತ್ತು. ನಮ್ಮೂರಿನ ಆಸ್ಪತ್ರೆಯೊಂದರಲ್ಲಿ 2024ನೆಯ ಇಸವಿ ನವೆಂಬರ್ 18ನೆಯ ತಾರೀಖು ಸೋಮವಾರ ಶಸ್ತ್ರಚಿಕಿತ್ಸೆಯೆಂದು ಗೊತ್ತಾಗಿತ್ತು. ಎರಡು ದಿನ ಮುಂಚಿತವಾಗಿ ಬಂದು ನಮ್ಮ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಬೇಕೆಂಬುದು ಎಲ್ಲರ ಆಲೋಚನೆ. ಅವರ ಮಗ, ಅಂದರೆ ನಮ್ಮ ಸೋದರಳಿಯ, ಟಿಕೆಟ್ಟು ಸಿಕ್ಕಿದ ಸಂತೋಷದಲ್ಲಿ 14ನೆಯ ತಾರೀಖು ಗುರುವಾರ ರಾತ್ರಿ ಹನ್ನೊಂದೂ ಮುಕ್ಕಾಲರ ಸುಮಾರಿಗೆ ನಮ್ಮ ತಮ್ಮನಿಗೆ ಫೋನಿನಲ್ಲಿ ಒಂದು ಸಂದೇಶವನ್ನು ಬರೆದನು: “ಮಾವ, ಅಮ್ಮ ನಾಳೆ ರಾತ್ರಿ 12-40ಕ್ಕೆ ದೊಡ್ಡ ಮಾವನ ಊರಿನ ಸ್ಟೇಷನ್ನಿಗೆ ಬರುತ್ತಾಳೆ. ಯಾರಾದರೂ ಹೋಗಿ ಕರೆದುಕೊಂಡು ಬರಲು ಹೇಳಿ.” ಆ ಹೊತ್ತಿಗೆ ತಮ್ಮನು ಮಲಗಿದ್ದನು. ಬೆಳಿಗ್ಗೆ ಎದ್ದು ಅದನ್ನು ನೋಡಿ, ಒಂದಕ್ಷರವನ್ನೂ ಬದಲಾಯಿಸದೆ ನಮಗೆ ರವಾನಿಸಿದನು. ನಾವು ಶುಕ್ರವಾರ ಬೆಳಿಗ್ಗೆ ಕಾಫಿಯ ಹೊತ್ತಿನಲ್ಲಿ ಓದಿದೆವು. ಶುಕ್ರವಾರ ಓದಿದವರಿಗೆ ನಾಳೆ ಎಂದರೆ ಶನಿವಾರವಲ್ಲವೆ? ಶನಿವಾರ ರಾತ್ರಿಗೆ ಆಟೋ ರಿಕ್ಷಾದವನಿಗೆ ಹೇಳಿಟ್ಟು ನಿಶ್ಚಿಂತರಾದೆವು. ಮನೆಯಾಕೆ ಶನಿವಾರ ಹಾಸಿಗೆಯನ್ನು ಬಿಸಿಲಿಗೆ ಹಾಕೋಣವೆಂದಳು.

ಶನಿವಾರ ಬೆಳಿಗ್ಗೆ ಆರು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದು ನೋಡಿದರೆ ಅಕ್ಕ! ಕೈಯಲ್ಲಿ ಚೀಲ, ಕಣ್ಣು ಕೆಂಪು, ಗಂಟಲು ಕಟ್ಟಿಹೋಗಿದೆ. ಫೋನಿನ ಬ್ಯಾಟರಿ ದಾರಿಯಲ್ಲಿಯೇ ಮುಗಿದಿತ್ತಂತೆ. ಅಪರಿಚಿತರನ್ನು ಕೇಳಲು ಸಂಕೋಚ. ಕತ್ತಲಲ್ಲಿ ಒಬ್ಬಳೇ ಆಟೋ ಹತ್ತಲು ಭಯ. “ಅಕ್ಕ, ನೀನು ಈ ರಾತ್ರಿ ಬರುವುದಲ್ಲವೆ?” ಎಂದೆವು ನಾವು, ಬೇರೆ ಮಾತು ತೋಚದೆ. “ಹುಡುಗ ನಾಳೆ ಅಂದ ದಿನವೇ ಬಂದಿದ್ದೇನಪ್ಪ. ನಿಮ್ಮ ನಾಳೆ ಯಾವತ್ತೋ ನನಗೇನು ಗೊತ್ತು!” ಎಂದರು. ಆ ಸಂಜೆಗೆ ಜ್ವರ ಬಂದಿತು, ಕೆಮ್ಮು ಹಿಡಿಯಿತು. ಕೆಮ್ಮುವವರ ಕಣ್ಣಿಗೆ ಶಸ್ತ್ರ ಹಾಕುವುದು ಕ್ಷೇಮವಲ್ಲವೆಂದು ಸೋಮವಾರ ವೈದ್ಯರು ಚಿಕಿತ್ಸೆಯನ್ನು ಮುಂದೂಡಿದರು.

ಜ್ವರವಿಳಿದ ಮೇಲೆ ನಾವು ಆ ಸಂದೇಶವನ್ನು ಮತ್ತೆ ತೆಗೆದು, ಕೋರ್ಟಿನ ವಕೀಲರಂತೆ ಒಂದೊಂದು ಮಾತನ್ನೂ ವಿಚಾರಿಸಿದೆವು. ಮೊದಲನೆಯ ಅಪರಾಧಿ ‘ನಾಳೆ’. ಈ ಮಾತಿಗೆ ತನ್ನದೆಂಬ ದಿನವಿಲ್ಲ. ಆಡಿದವನ ದಿನಕ್ಕೆ ಅದು ಅಂಟಿಕೊಂಡಿರುತ್ತದೆ. ಎದುರಿಗೆ ಕುಳಿತು ಮಾತನಾಡುವಾಗ ಆಡುವವನಿಗೂ ಕೇಳುವವನಿಗೂ ಇರುವುದು ಒಂದೇ ‘ಇಂದು’; ಆದುದರಿಂದ ನಾಳೆಯೂ ಒಂದೇ. ಬರಹಕ್ಕೆ ಬಂದೊಡನೆ ಈ ನಂಟು ಕಡಿದುಹೋಗುತ್ತದೆ. ಹಿಂದೆ ಕಾಗದವು ಅಂಚೆಯಲ್ಲಿ ಮೂರು ದಿನ ಪ್ರಯಾಣ ಮಾಡುತ್ತಿದ್ದಾಗ ಹಿರಿಯರಿಗೆ ಈ ಅಪಾಯ ತಿಳಿದಿತ್ತು. ಅದಕ್ಕಾಗಿಯೇ ಕಾಗದದ ತಲೆಯ ಮೇಲೆ ಊರು, ತಾರೀಖುಗಳನ್ನು ಬರೆಯದೆ ಕ್ಷೇಮಸಮಾಚಾರಕ್ಕೇ ಕೈಹಾಕುತ್ತಿರಲಿಲ್ಲ. ಈಗ ಸಂದೇಶವು ಕ್ಷಣದಲ್ಲಿ ತಲಪುತ್ತದೆಂಬ ಧೈರ್ಯದಿಂದ ನಾವು ತಾರೀಖನ್ನು ಬಿಟ್ಟಿದ್ದೇವೆ. ತಲಪುವುದು ಕ್ಷಣದಲ್ಲಿಯೇ ನಿಜ, ಓದುವುದು ಯಾವಾಗಲೋ! ಫೋನು ತಾನಾಗಿ ತಾರೀಖನ್ನು ತೋರಿಸುತ್ತದಲ್ಲವೆ ಎಂದು ವಾಚಕರು ಕೇಳಬಹುದು. ತೋರಿಸುತ್ತದೆ. ಆದರೆ ಒಬ್ಬರಿಗೆ ಬಂದ ಸಂದೇಶವನ್ನು ಅವರು ಇನ್ನೊಬ್ಬರಿಗೆ ರವಾನಿಸಿದಾಗ, ಎರಡನೆಯವರಿಗೆ ಕಾಣುವುದು ರವಾನಿಸಿದ ಹೊತ್ತೇ ಹೊರತು ಮೊದಲು ಬರೆದ ಹೊತ್ತಲ್ಲ. ಗುರುವಾರದ ‘ನಾಳೆ’ಯು ನಮ್ಮ ಮನೆಗೆ ಶುಕ್ರವಾರದ ಅಂಗಿಯನ್ನು ತೊಟ್ಟು ಬಂದಿತು.

ಎರಡನೆಯ ಅಪರಾಧಿ ‘ರಾತ್ರಿ 12-40’. ಇದು ಮೊದಲನೆಯದಕ್ಕಿಂತ ಸೂಕ್ಷ್ಮವಾದುದು. ನಮ್ಮ ಮನೆಗಳಲ್ಲಿ ದಿನವೆಂಬುದು ಸೂರ್ಯೋದಯದಿಂದ ಸೂರ್ಯೋದಯದವರೆಗೆ. ಪಂಚಾಂಗದ ವಾರವೂ ಹಾಗೆಯೇ. ಸೂರ್ಯೋದಯದಿಂದ ಮೊದಲಾಗಿ ಅರುವತ್ತು ಘಳಿಗೆ ತುಂಬಿದ ಮೇಲೆ ಮರುದಿನ. ಆದುದರಿಂದ ಮಲಗುವ ಮುನ್ನ ಇದ್ದದ್ದು ಶುಕ್ರವಾರವಾದರೆ, ನಡುರಾತ್ರಿ ಎಚ್ಚರವಾದಾಗಲೂ ನಮ್ಮ ನಾಲಿಗೆಗೆ ಅದು ಶುಕ್ರವಾರದ ರಾತ್ರಿಯೇ. ರೈಲಿನವರ ದಿನವಾದರೋ ಮಧ್ಯರಾತ್ರಿ ಹನ್ನೆರಡಕ್ಕೆ ತಿರುಗುತ್ತದೆ. ಅವರ ಲೆಕ್ಕದಲ್ಲಿ ಹನ್ನೆರಡು ಗಂಟೆ ನಲವತ್ತು ನಿಮಿಷವೆಂಬುದು 00:40. ಅದು ಶನಿವಾರದ ಮೊದಲ ಗಂಟೆ. ಎರಡು ಲೆಕ್ಕಗಳೂ ತಮ್ಮ ತಮ್ಮ ಸ್ಥಾನದಲ್ಲಿ ಸರಿ. ಒಂದು ಲೆಕ್ಕದಲ್ಲಿ ಬರೆದುದನ್ನು ಇನ್ನೊಂದು ಲೆಕ್ಕದಲ್ಲಿ ಓದಿದಾಗ ಇಪ್ಪತ್ತನಾಲ್ಕು ಗಂಟೆ ತಪ್ಪಿಹೋಗುತ್ತದೆ.

ಈಗ ನೋಡಿ: ‘ನಾಳೆ’ ಎಂಬುದು ಬರೆದ ದಿನದಿಂದ 15, ಓದಿದ ದಿನದಿಂದ 16. ಅದರ ‘ರಾತ್ರಿ 12-40’ ಎಂಬುದು ಆ ತಾರೀಖು ಹುಟ್ಟುವಾಗಿನದಾಗಿರಬಹುದು, ಮುಗಿದ ಮೇಲಿನದಾಗಿರಬಹುದು. ಒಟ್ಟಿನಲ್ಲಿ 15ರ 00:40, 16ರ 00:40, 17ರ 00:40 ಎಂದು ಮೂರು ರಾತ್ರಿಗಳು ಆ ಒಂದು ವಾಕ್ಯದೊಳಗೆ ಸುಖವಾಗಿ ಸೇರಿಕೊಂಡಿವೆ. ಅಕ್ಕ ಬಂದದ್ದು ನಡುವಿನ ರಾತ್ರಿ. ನಾವು ಹೋಗಬೇಕೆಂದಿದ್ದುದು ಕೊನೆಯ ರಾತ್ರಿ. ಅಳಿಯನು ಟಿಕೆಟ್ಟಿನಲ್ಲಿದ್ದುದನ್ನು ಇದ್ದ ಹಾಗೆಯೇ ನಕಲು ಮಾಡಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಟಿಕೆಟ್ಟು ಕೈಗೆ ಬಂದಾಗ ಇನ್ನೊಂದನ್ನೂ ಗಮನಿಸತಕ್ಕದ್ದು. ನಡುವಿನ ಊರಿನಲ್ಲಿ ರೈಲು ಹತ್ತುವವರಿಗೆ, ತಾವು ಹತ್ತುವ ಸ್ಟೇಷನ್ನಿನ ತಾರೀಖೇ ಪ್ರಯಾಣದ ತಾರೀಖು. ಆದರೆ ಆ ರೈಲು ತನ್ನ ಮೊದಲ ಸ್ಟೇಷನ್ನನ್ನು ಹಿಂದಿನ ದಿನವೇ ಬಿಟ್ಟಿರಬಹುದು. 16ನೆಯ ತಾರೀಖು 00:10ಕ್ಕೆ ಹೊರಡುವ ರೈಲಿಗೆ 16ನೆಯ ತಾರೀಖು ರಾತ್ರಿಯೂಟ ಮುಗಿಸಿ ಹೊರಡುವವರು ಈಗಲೂ ಇದ್ದಾರೆ. ಅವರು ಸ್ಟೇಷನ್ನನ್ನು ಸೇರುವ ಹೊತ್ತಿಗೆ ರೈಲು ಹೋಗಿ ಒಂದು ದಿನವಾಗಿರುತ್ತದೆ.

ಈ ಕಂಟಕಕ್ಕೆ ನಮ್ಮ ಹಿರಿಯರು ಒಂದು ಅಂದವಾದ ಉಪಾಯವನ್ನು ಕಂಡುಕೊಂಡಿದ್ದರು. ಬೆಳಗಿನ ಜಾವದ ಮುಹೂರ್ತವಿದ್ದರೆ “ಶುಕ್ರವಾರ ರಾತ್ರಿ, ಬೆಳಗಾದರೆ ಶನಿವಾರ” ಎನ್ನುತ್ತಿದ್ದರು. ರಾತ್ರಿಯ ಎರಡು ದಡಗಳನ್ನೂ ಹೆಸರಿಸಿಬಿಟ್ಟರೆ ನಡುವೆ ಯಾರೂ ಮುಳುಗುವುದಿಲ್ಲ. ಅದಕ್ಕೆ ತಾರೀಖನ್ನೂ ಸೇರಿಸಿದರೆ ಮಾತು ಪೂರ್ಣವಾಗುತ್ತದೆ. ಇದೇ ಕಾರಣದಿಂದ ‘15ನೆಯ ತಾರೀಖು ಮಧ್ಯರಾತ್ರಿ 12 ಗಂಟೆ’ ಎಂದು ಬರೆಯಲೇಬಾರದು. 15 ಹುಟ್ಟುವ ಹನ್ನೆರಡೋ, 15 ಸಾಯುವ ಹನ್ನೆರಡೋ ಯಾರು ಬಲ್ಲರು? ಕಡೆಯ ಗಡುವನ್ನು ತಿಳಿಸಬೇಕಾದರೆ ‘15ನೆಯ ತಾರೀಖು ರಾತ್ರಿ 11-59’ ಎಂದರೆ ಒಂದು ನಿಮಿಷ ನಷ್ಟವಾದೀತು, ಒಂದು ದಿನ ಉಳಿದೀತು.

ಕಥೆ ಇಲ್ಲಿಗೇ ಮುಗಿಯಲಿಲ್ಲ. 18ನೆಯ ಸೋಮವಾರ ಆಸ್ಪತ್ರೆಯಲ್ಲಿ, “ಹದಿನೈದು ದಿನ ಬಿಟ್ಟು ಬನ್ನಿ” ಎಂದರು. ಮನೆಗೆ ಬರುವ ದಾರಿಯಲ್ಲಿಯೇ ಮೂರು ಪಕ್ಷಗಳಾದವು. ಅಕ್ಕನವರ ಲೆಕ್ಕದಲ್ಲಿ ಇಂದಿಗೆ ಹದಿನೈದನೆಯ ದಿನವೆಂದರೆ ಮತ್ತೆ ಸೋಮವಾರ, ಡಿಸೆಂಬರ್ 2. ನಮ್ಮಲ್ಲಿ ಎಂಟು ದಿನವೆಂದರೆ ಒಂದು ವಾರ, ಹದಿನೈದು ದಿನವೆಂದರೆ ಎರಡು ವಾರ. ಹೊರಡುವ ದಿನವನ್ನೂ ಒಂದೆಂದು ಎಣಿಸುವುದು ಹಳೆಯ ವಾಡಿಕೆ. ಮಗು ಹುಟ್ಟಿದ ದಿನವನ್ನು ಸೇರಿಸಿಯೇ ಹನ್ನೊಂದನೆಯ ದಿನದ ನಾಮಕರಣವನ್ನು ಎಣಿಸುವುದಿಲ್ಲವೆ? ಕಾಲೇಜಿಗೆ ಹೋಗುವ ನಮ್ಮ ಮಗನು ಹದಿನೆಂಟಕ್ಕೆ ಹದಿನೈದನ್ನು ಕೂಡಿಸಿ, ನವೆಂಬರಿನ ಮೂವತ್ತು ದಿನಗಳನ್ನು ಕಳೆದು, ಡಿಸೆಂಬರ್ 3 ಮಂಗಳವಾರವೆಂದನು. ಮನೆಯಾಕೆಯೋ, ‘ಬಿಟ್ಟು’ ಎಂದ ಮೇಲೆ ನಡುವೆ ಹದಿನೈದು ದಿನ ಪೂರ್ತಿ ಬಿಡಬೇಕಲ್ಲವೆ, ಆದುದರಿಂದ 4ನೆಯ ಬುಧವಾರ, ಎಂದು ವಾದಿಸಿದಳು. ಮೂವರ ಗಣಿತದಲ್ಲಿಯೂ ತಪ್ಪಿರಲಿಲ್ಲ. ಹಿಂದಕ್ಕೆ ಹೋಗಿ ಚೀಟಿ ಕೇಳಿದೆವು. ಗುಮಾಸ್ತನು ‘2-12’ ಎಂದು ಬರೆದುಕೊಟ್ಟನು. ಅಕ್ಕ ಗೆದ್ದರು.

ಆ ಚೀಟಿಯ ಚಿತ್ರವನ್ನು ತೆಗೆದು ಅಮೆರಿಕದಲ್ಲಿರುವ ಅಕ್ಕನ ಮಗಳಿಗೆ ಕಳುಹಿಸಿದೆವು. ಅಲ್ಲಿಂದ ಕೂಡಲೆ ಗಾಬರಿಯ ಉತ್ತರ: “ಅಮ್ಮನನ್ನು ಫೆಬ್ರವರಿಯವರೆಗೆ ಯಾಕೆ ಕಾಯಿಸುತ್ತಿದ್ದಾರೆ ಮಾವ? ಬೇರೆ ಆಸ್ಪತ್ರೆ ನೋಡಬಾರದೆ?” ಹದಿನೆಂಟು ವರ್ಷ ಅಲ್ಲಿದ್ದ ಆಕೆಯ ಕಣ್ಣಿಗೆ ಮೊದಲ ಅಂಕೆಯೇ ತಿಂಗಳು, 2-12 ಎಂದರೆ ಫೆಬ್ರವರಿ 12. ನಮ್ಮ ದೇಶದಲ್ಲಿ ದಿನ ಮೊದಲು, ತಿಂಗಳು ಆಮೇಲೆ; ಅಮೆರಿಕದಲ್ಲಿ ತಿಂಗಳು ಮೊದಲು. ಹದಿಮೂರರಿಂದ ಮುಂದಿನ ತಾರೀಖುಗಳಲ್ಲಿ ಭಯವಿಲ್ಲ, ಏಕೆಂದರೆ ಹದಿಮೂರನೆಯ ತಿಂಗಳೆಂಬುದಿಲ್ಲ. ಪ್ರತಿ ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿಯೇ ಮೋಸ. ವರ್ಷಕ್ಕೆ ಅಂತಹವು 144. ಅವುಗಳಲ್ಲಿ 1-1, 2-2 ಮೊದಲಾದ ಹನ್ನೆರಡು ಹೇಗೆ ಓದಿದರೂ ಒಂದೇ. ಅವನ್ನು ಕಳೆದರೆ, ವರ್ಷದಲ್ಲಿ 132 ದಿನಗಳನ್ನು ಅಂಕೆಯಲ್ಲಿ ಮಾತ್ರ ಬರೆದಾಗ ಎರಡು ಬಗೆಯಾಗಿ ಓದಬಹುದು! ಗುಮಾಸ್ತನು ಇಸವಿಯನ್ನು ಬರೆದಿದ್ದರೂ ಆಕೆ ಎಚ್ಚರಗೊಳ್ಳುತ್ತಿದ್ದಳು. 2024ರ ಫೆಬ್ರವರಿ ಆಗಲೇ ಕಳೆದುಹೋಗಿತ್ತಷ್ಟೆ.

ಇದಕ್ಕೆ ಪರಿಹಾರ ಬಹಳ ಸುಲಭ. ತಿಂಗಳನ್ನು ಅಕ್ಷರದಲ್ಲಿ ಬರೆಯುವುದು: 2 ಡಿಸೆಂಬರ್ 2024. ಇದನ್ನು ಯಾವ ದೇಶದವರೂ ಬೇರೆಯಾಗಿ ಓದಲಾರರು. ಲೆಕ್ಕದ ಪುಸ್ತಕಕ್ಕೂ, ಕಂಪ್ಯೂಟರಿನಲ್ಲಿ ಇಡುವ ಕಾಗದಪತ್ರಗಳ ಹೆಸರಿಗೂ ಅಂಕೆಯೇ ಬೇಕೆನ್ನುವವರು 2024-12-02 ಎಂದು ಇಸವಿಯನ್ನು ಮೊದಲಿಟ್ಟು ಬರೆಯಬಹುದು. ಐ.ಎಸ್.ಓ. 8601 ಎಂಬ ಅಂತರರಾಷ್ಟ್ರೀಯ ಪದ್ಧತಿ ಇದೇ. ಅದು ಮೊದಲು ಪ್ರಕಟವಾದುದು 1988ರಲ್ಲಿ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವುದರಿಂದ, ಹೀಗೆ ಹೆಸರಿಟ್ಟ ರಸೀದಿಗಳನ್ನು ಯಂತ್ರವು ಅಕ್ಷರಕ್ರಮದಲ್ಲಿ ಜೋಡಿಸಿದರೂ ಅವು ತಾವಾಗಿ ಕಾಲಕ್ರಮದಲ್ಲಿ ನಿಲ್ಲುತ್ತವೆ. ಆದರೆ ಮನೆಯ ಹಿರಿಯರಿಗೆ ಬರೆಯುವ ಕಾಗದಕ್ಕೆ ಇದು ಒಗ್ಗದು. ಅಲ್ಲಿ ತಿಂಗಳ ಹೆಸರೇ ಲೇಸು.

ತಾರೀಖಿನ ಜೊತೆಯಲ್ಲಿ ವಾರವನ್ನೂ ಬರೆಯತಕ್ಕದ್ದು. ತಾರೀಖೊಂದಿದ್ದರೆ ಸಾಲದೆ ಎಂದು ಕೆಲವರು ಕೇಳುವುದುಂಟು. ತಾರೀಖು ಹೇಳಿಕೆಯಾದರೆ ವಾರವು ಅದರ ಸಾಕ್ಷಿ. ಕೈತಪ್ಪಿ 17ರ ಬದಲು 18 ಎಂದು ಬರೆದರೆ, ಪಕ್ಕದ ‘ಭಾನುವಾರ’ವು ಒಪ್ಪುವುದಿಲ್ಲ, ಓದುವವರು ಕೂಡಲೆ ಕೇಳುತ್ತಾರೆ, ತಪ್ಪು ಹೊರಬೀಳುತ್ತದೆ. ಇಸವಿಯಿಲ್ಲದ ಹಳೆಯ ಸಂದೇಶಗಳು ವರ್ಷ ಕಳೆದ ಮೇಲೆ ಮತ್ತೆ ಮನೆಮನೆ ಸುತ್ತುವಾಗಲೂ ಈ ಸಾಕ್ಷಿ ಉಪಯೋಗಕ್ಕೆ ಬರುತ್ತದೆ. ಸಾಧಾರಣ ವರ್ಷದಲ್ಲಿ ಐವತ್ತೆರಡು ವಾರಗಳಾಗಿ ಒಂದು ದಿನ ಮಿಗುವುದರಿಂದ, ಅದೇ ತಾರೀಖು ಮುಂದಿನ ವರ್ಷ ಒಂದು ವಾರ ಮುಂದಕ್ಕೆ ಸರಿಯುತ್ತದೆ. ನಡುವೆ ಫೆಬ್ರವರಿ 29 ಬಂದರೆ ಎರಡು. ನವೆಂಬರ್ 17 ಎಂಬುದು 2023ರಲ್ಲಿ ಶುಕ್ರವಾರ, 2024ರಲ್ಲಿ ಭಾನುವಾರ, 2025ರಲ್ಲಿ ಸೋಮವಾರ. ‘ನವೆಂಬರ್ 17, ಭಾನುವಾರ ಉಚಿತ ಕಣ್ಣಿನ ತಪಾಸಣೆ’ ಎಂಬ ಪ್ರಕಟಣೆ 2025ರಲ್ಲಿ ಕೈಗೆ ಬಂದರೆ, ಕ್ಯಾಲೆಂಡರನ್ನು ನೋಡಿದವರಿಗೆ ಅದು ಹಳಸಿದ್ದೆಂದು ತಿಳಿದುಹೋಗುತ್ತದೆ.

ಆದರೆ ವಾರದ ಹೆಸರೊಂದನ್ನೇ ನೆಚ್ಚಿದರೆ ಏನಾಗುವುದೆಂಬುದನ್ನು ಅದೇ ಅಳಿಯನು ತೋರಿಸಿಕೊಟ್ಟನು. ಚಿಕಿತ್ಸೆ ಮುಂದೆ ಹೋದ ಸುದ್ದಿ ಕೇಳಿ, ಸೋಮವಾರ ಸಂಜೆ “ಮುಂದಿನ ಭಾನುವಾರ ಬರುತ್ತೇನೆ” ಎಂದು ಬರೆದನು. ಇನ್ನು ಮುಂದೆ ಬರುವ ಮೊದಲ ಭಾನುವಾರ 24 ಎಂದು ಅಕ್ಕ. 24 ‘ಈ ಭಾನುವಾರ’, ಅದರ ಮುಂದಿನದು ‘ಮುಂದಿನ ಭಾನುವಾರ’, ಅಂದರೆ ಡಿಸೆಂಬರ್ 1 ಎಂದು ಮನೆಯಾಕೆ. ‘ಈ ವಾರದ ಭಾನುವಾರ’ ಎಂದಿದ್ದರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಭಾನುವಾರದಿಂದ ವಾರವನ್ನು ಎಣಿಸುವವರಿಗೆ ಈ ವಾರದ ಭಾನುವಾರ ನಿನ್ನೆಯೇ ಕಳೆದಿದೆ. ಕಚೇರಿಯವರಂತೆ ಸೋಮವಾರದಿಂದ ಎಣಿಸುವವರಿಗೆ ಅದು ಇನ್ನೂ ಆರು ದಿನ ದೂರದಲ್ಲಿದೆ. ಅಕ್ಕ 24ರಂದು ಮಗನಿಗೆಂದು ಹೋಳಿಗೆ ಮಾಡಿಸಿ, ಸಂಜೆಯವರೆಗೆ ಬಾಗಿಲ ಕಡೆ ನೋಡುತ್ತಿದ್ದರು. ಕಣ್ಣಿನ ಪೊರೆಯ ಹಿಂದಿನಿಂದ ನೋಡುವ ಆ ನೋಟವನ್ನು ಕಂಡು ನಮಗೆ ಹುಡುಗನ ಮೇಲೆ ಕೋಪ ಬಂದಿತು. ಆದರೆ ಅವನು ಮಾತು ತಪ್ಪಿರಲಿಲ್ಲ. ಡಿಸೆಂಬರ್ 1ರಂದು, ತಾನು ಹೇಳಿದ ದಿನವೇ, ಬಂದನು.

ಉಳಿದದ್ದು ‘ಬೇಗ’. “ಬೇಗ ಹಣ ಕಳುಹಿಸುತ್ತೇನೆ”, “ಆದಷ್ಟು ಬೇಗ ತಿಳಿಸುತ್ತೇವೆ” ಎಂಬವುಗಳನ್ನು ಆಡುವವನು ತನ್ನ ಅನುಕೂಲದಿಂದ ಅಳೆಯುತ್ತಾನೆ, ಕೇಳುವವನು ತನ್ನ ಅಗತ್ಯದಿಂದ ಅಳೆಯುತ್ತಾನೆ. ನಿಜವಾಗಿ ದಿನ ಗೊತ್ತಿಲ್ಲದಿರುವುದೂ ಉಂಟು. ಆಗ ತಾರೀಖನ್ನು ಹುಟ್ಟಿಸುವುದು ಹೇಗೆ? ಇಲ್ಲಿಯೂ ಒಂದು ದಾರಿಯಿದೆ. ಕೆಲಸದ ದಿನ ತಿಳಿಯದಿದ್ದರೆ, ಅದನ್ನು ತಿಳಿಸುವ ದಿನವನ್ನು ಹೇಳಬಹುದು. ‘ದಿನ ಇನ್ನೂ ಗೊತ್ತಾಗಿಲ್ಲ, 22 ನವೆಂಬರ್ ಶುಕ್ರವಾರ ಸಂಜೆಯೊಳಗೆ ಹೌದೆಂದೋ ಇಲ್ಲವೆಂದೋ ತಿಳಿಸುತ್ತೇವೆ’ ಎಂದರೆ, ಎದುರಿನವರು ಅಲ್ಲಿಯವರೆಗೆ ನೆಮ್ಮದಿಯಿಂದ ಇರುತ್ತಾರೆ, ಆ ಸಂಜೆ ಕಳೆದರೆ ಸಂಕೋಚವಿಲ್ಲದೆ ಕೇಳುತ್ತಾರೆ. ಗಡುವು ಕೊಡುವಾಗ ಬರಿಯ ‘20ರೊಳಗೆ’ ಎಂದರೆ 20 ಸೇರಿತೋ ಇಲ್ಲವೋ ಎಂಬ ಜಗಳವುಂಟು. ‘20 ಸೇರಿ’ ಎಂದೋ, ‘20ನೆಯ ತಾರೀಖು ಸಂಜೆ 5 ಗಂಟೆಯೊಳಗೆ’ ಎಂದೋ ಬರೆದರೆ ಜಗಳಕ್ಕೆ ಎಡೆಯಿಲ್ಲ.

ಹಾಗೆಂದು ಮನೆಯೊಳಗಿನ ಮಾತಿನಿಂದ ನಾಳೆ, ನಾಡಿದ್ದುಗಳನ್ನು ಓಡಿಸಿಬಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. “ನಾಳೆ ದೋಸೆಗೆ ಅಕ್ಕಿ ನೆನೆಹಾಕು” ಎನ್ನುವುದಕ್ಕೆ ಇಸವಿ ಬೇಕಿಲ್ಲ. ಮಾತು ಬಾಯಿಯಿಂದ ಕಾಗದಕ್ಕೋ ಫೋನಿಗೋ ಇಳಿಯುವಾಗ ಮಾತ್ರ, ಇದನ್ನು ನಮ್ಮನ್ನು ಅರಿಯದ ಒಬ್ಬರು, ಬೇರೊಂದು ದಿನ, ಬೇರೊಂದು ಊರಿನಲ್ಲಿ ಓದಿದರೂ ಅದೇ ದಿನಕ್ಕೆ ಬಂದು ಮುಟ್ಟುವರೇ ಎಂದು ಒಮ್ಮೆ ಕೇಳಿಕೊಳ್ಳತಕ್ಕದ್ದು. ಓದುವವರ ಪಾಲಿಗೂ ಒಂದು ಕರ್ತವ್ಯವಿದೆ: ‘ನಾಳೆ’ ಎಂದು ಬಂದ ಸಂದೇಶಕ್ಕೆ ‘ಸರಿ’ ಎಂದು ಉತ್ತರಿಸಬಾರದು, ‘16 ನವೆಂಬರ್ ಶನಿವಾರವಲ್ಲವೆ?’ ಎಂದು ತಾವೇ ತಾರೀಖನ್ನು ತುಂಬಿ ಕೇಳಬೇಕು. ಶುಕ್ರವಾರ ಬೆಳಿಗ್ಗೆ ನಾವು ಇಷ್ಟು ಮಾಡಿದ್ದರೆ ಅಕ್ಕನಿಗೆ ಜ್ವರ ಬರುತ್ತಿರಲಿಲ್ಲ. ಆದುದರಿಂದ ತಪ್ಪಿನಲ್ಲಿ ಅರ್ಧ ಪಾಲು ನಮ್ಮದೆಂದು ಒಪ್ಪಿಕೊಳ್ಳುತ್ತೇವೆ.

ಡಿಸೆಂಬರ್ 2ರಂದು ಚಿಕಿತ್ಸೆ ಚೆನ್ನಾಗಿ ನಡೆಯಿತು. ಊರಿಗೆ ಹೊರಡುವ ಮುನ್ನ ಅಕ್ಕ ಮಗನನ್ನು ಕೂರಿಸಿಕೊಂಡು, ಹಿಂದಿರುಗುವ ಪ್ರಯಾಣದ ಸಂದೇಶವನ್ನು ತಾವೇ ಹೇಳಿ ಬರೆಯಿಸಿದರು. ಅದನ್ನು ಇದ್ದಂತೆಯೇ ಕೊಡುತ್ತೇವೆ: “ಅಮ್ಮ 13 ಡಿಸೆಂಬರ್ 2024 ಶುಕ್ರವಾರ ರಾತ್ರಿ ಇಲ್ಲಿಂದ ಹೊರಡುತ್ತಾಳೆ. ರಾತ್ರಿ ಕಳೆದು, ಬೆಳಗಾದರೆ 14 ಶನಿವಾರ, ಬೆಳಗಿನ ಜಾವ 3-20ಕ್ಕೆ ನಮ್ಮೂರು ಸೇರುತ್ತಾಳೆ. ತಾರೀಖು, ವಾರ ಎರಡನ್ನೂ ಬರೆದು ಉತ್ತರ ಕೊಡಿ.” ಬರೆಯಿಸಿದ ಮೇಲೆ ಕನ್ನಡಕವನ್ನು ಏರಿಸಿಕೊಂಡು, ಹೊಸ ಕಣ್ಣಿನಿಂದ ಒಂದೊಂದಕ್ಷರವನ್ನೂ ಓದಿನೋಡಿ, “ಈಗ ಕಳಿಸು” ಎಂದರು. ಆ ಬೆಳಗಿನ ಜಾವ ಸ್ಟೇಷನ್ನಿನಲ್ಲಿ ಅವರನ್ನು ಎದುರುಗೊಳ್ಳಲು ಮೂವರು ನಿಂತಿದ್ದರಂತೆ.